ಅಂಚೆಯೇರುವ ಬೀಜ, ಅಂಚೆಯೇರುವ ಗಿಡ

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ಟಪ್ಪಾಲಿಗೂ ನಮ್ಮಲ್ಲಿ ಅದೇ ಹೆಸರು ಬಂದಿದೆ. ನಳದಮಯಂತಿಯರ ನಡುವೆ ಸುದ್ದಿ ಹೊತ್ತು ಹಾರಿದ ಹಂಸವನ್ನು ನೆನೆದು ಈ ಎರಡು ಅರ್ಥಗಳಿಗೆ ನಂಟು ಕಲ್ಪಿಸುವವರುಂಟು. ಆ ನಂಟು ಎಷ್ಟು ಗಟ್ಟಿ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ನಾನು ಹೇಳಹೊರಟಿರುವುದು ಅಂಚೆಯ ಹೆಗಲೇರಿ ಕೊಡಗಿನಿಂದ ಹೊರಗೆ ಹೋಗುತ್ತಿರುವ ಬೇರೊಂದು ಬಗೆಯ ಸರಕಿನ ವಿಚಾರ. ಕಾಗದಕ್ಕೆ ಉಸಿರಿಲ್ಲ, ನಾಲ್ಕು ದಿನ ತಡವಾದರೂ ಅದರಲ್ಲಿನ ಒಕ್ಕಣೆ ಕೆಡುವುದಿಲ್ಲ. ಬೀಜಕ್ಕೂ ಗಿಡಕ್ಕೂ ಉಸಿರುಂಟು. ದಾರಿಯಲ್ಲಿ ಅವು ಉಸಿರಾಡುತ್ತವೆ, ಬೆವರುತ್ತವೆ, ಬಾಯಾರುತ್ತವೆ, ಒಮ್ಮೊಮ್ಮೆ ಸಾಯುತ್ತವೆ.

ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ತಾರಸಿಯ ಮೇಲೆ ಕುಂಡಗಳನ್ನಿಟ್ಟು ತೋಟ ಮಾಡುವ ಹವ್ಯಾಸ ಈಚೆಗೆ ಹೆಚ್ಚಿದೆ. ಇಂಥವರು ಅಂತರಜಾಲದಲ್ಲಿ ಗಿಡದ ಚಿತ್ರ ನೋಡಿ, ಹಣ ಕಳುಹಿಸಿ, ಮನೆಬಾಗಿಲಿಗೆ ತರಿಸಿಕೊಳ್ಳುತ್ತಾರೆ. ಮಡಿಕೇರಿಯಲ್ಲಿ ನಮ್ಮ ನೆರೆಯ ಕಾಫಿ ತೋಟದ ಸೊಸೆಯೊಬ್ಬಳು ಕೆಲವು ವರ್ಷಗಳಿಂದ ಹೀಗೆ ಬೀಜ, ಸಸಿಗಳನ್ನು ಕಳುಹಿಸುತ್ತಿದ್ದಾಳೆ. ಆಕೆಗೆ ಬರುವ ಕೋರಿಕೆಗಳಲ್ಲಿ ಎರಡು ಮುಖ್ಯವಾದವು. ಕುಂಡದಲ್ಲಿ ಬೆಳೆಸಲು ಕಾಫಿಯ ಬೀಜ ಬೇಕೆನ್ನುವವರು ಒಂದು ಗುಂಪು. ಮದ್ದುಸೊಪ್ಪಿನ ಗಿಡ ಬೇಕೆನ್ನುವವರು ಇನ್ನೊಂದು. ಈ ಎರಡನ್ನೇ ಹಿಡಿದು ನೋಡಿದರೆ ಈ ಕೆಲಸದ ಮರ್ಮವೆಲ್ಲ ಹೊರಬೀಳುತ್ತದೆ.

ಮೊದಲು ಬೀಜ. ಬೀಜವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಕಣಜದ ಬತ್ತ, ಮಡಕೆಯಲ್ಲಿ ಬೂದಿ ಬೆರೆಸಿಟ್ಟ ಅವರೆ, ಒಲೆಯ ಮೇಲೆ ತೂಗುಹಾಕಿದ ಹೀರೆಕಾಯಿ. ಇವೆಲ್ಲ ಒಣಗಿದಷ್ಟೂ ಬಾಳುವ ಬೀಜಗಳು. ನೀರಿನಂಶ ಇಳಿದಂತೆ ಅವುಗಳ ಒಳಗಿನ ಜೀವ ನಿದ್ದೆಹೋಗುತ್ತದೆ. ವರ್ಷವಾದ ಮೇಲೆ ನೀರು ಕಂಡಾಗ ಏಳುತ್ತದೆ. ಹಲ್ಲಿಗಿಟ್ಟು ಕಡಿದರೆ ಕಟ್ಟೆಂದು ಮುರಿಯುವಷ್ಟು ಒಣಗಿದ್ದರೆ ಅದನ್ನು ಒಂದು ಚಿಕ್ಕ ಚೀಟಿನಲ್ಲಿ ಕಟ್ಟಿ ಕಾಶ್ಮೀರಕ್ಕೂ ಕಳುಹಿಸಬಹುದು. ಸೂಜಿಮೆಣಸು, ದಂಟು, ಹುರುಳಿ ಎಲ್ಲ ಈ ಜಾತಿಯವು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಆದರೆ ನಿದ್ದೆಯೇ ಅರಿಯದ ಬೀಜಗಳೂ ಉಂಟು. ಹಲಸು, ಬೆಣ್ಣೆಹಣ್ಣು, ಜಾಯಿಕಾಯಿ, ಈಗ ಕೊಡಗಿನಲ್ಲಿ ಹರಡುತ್ತಿರುವ ರಂಬುಟಾನ್ ಮುಂತಾದ ಮಳೆಕಾಡಿನ ಮರಗಳ ಬೀಜ ಈ ಬಗೆಯದು. ಸದಾ ತೇವವಿರುವ ನೆಲದಲ್ಲಿ ಬಿದ್ದಕೂಡಲೇ ಮೊಳೆಯುವುದೇ ಅವುಗಳ ಸ್ವಭಾವವಾದುದರಿಂದ ಕಾಯುವ ಕಲೆಯನ್ನು ಅವು ಕಲಿತೇ ಇಲ್ಲ. ಒಣಗಿಸಿದರೆ ನಿದ್ರಿಸುವುದಿಲ್ಲ, ಸಾಯುತ್ತವೆ. ಇಂಗ್ಲೆಂಡಿನ ವಿಜ್ಞಾನಿ ಇ. ಎಚ್. ರಾಬರ್ಟ್ಸ್ 1973ರಲ್ಲಿ ಬೀಜಗಳನ್ನು ಈ ಎರಡು ವರ್ಗಗಳಾಗಿ ವಿಂಗಡಿಸಿ ಹೆಸರಿಟ್ಟರು. ಮೊದಲನೆಯದನ್ನು ಅವರು ಸಂಪ್ರದಾಯಸ್ಥರೆಂದೂ ಎರಡನೆಯದನ್ನು ಹಟಮಾರಿಗಳೆಂದೂ ಕರೆದಂತಾಯಿತು. ವಿಜ್ಞಾನಿಗಳಲ್ಲೂ ವಿನೋದಕ್ಕೆ ಬರವಿಲ್ಲ.

ಈ ಹಟಮಾರಿತನ ಏನು ಮಾಡಬಲ್ಲುದೆಂಬುದಕ್ಕೆ ರಬ್ಬರಿನ ಕತೆಯೊಂದು ಸಾಕು. 1876ರಲ್ಲಿ ಹೆನ್ರಿ ವಿಕಮ್ ಎಂಬಾತ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಹಡಗಿನಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಅವುಗಳಲ್ಲಿ ಮೊಳೆತದ್ದು 2,700ರಷ್ಟು. ಎಂದರೆ ನೂರಕ್ಕೆ ನಾಲ್ಕು. ಅಲ್ಲಿಂದ ಮುಂದೆ ಸಿಂಹಳಕ್ಕೆ ಕಳುಹಿಸುವಾಗ ಬೀಜದ ಗೊಡವೆಗೆ ಹೋಗದೆ ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳನ್ನೇ ಕಳುಹಿಸಿದರು.

ಕಾಫಿಯ ಬೀಜ ಈ ಎರಡು ವರ್ಗಗಳ ನಡುವೆ ಎಲ್ಲೋ ನಿಂತಿದೆ. 1990ರಲ್ಲಿ ಎಲ್ಲಿಸ್, ಹಾಂಗ್, ರಾಬರ್ಟ್ಸ್ ಎಂಬ ಮೂವರು ಇದನ್ನು ಪರೀಕ್ಷಿಸಿ, ಮಧ್ಯಮ ವರ್ಗವೊಂದಿದೆಯೆಂದೂ ಕಾಫಿ ಅದರ ಮೊದಲ ಉದಾಹರಣೆಯೆಂದೂ ತೋರಿಸಿದರು. ಒಂದು ಮಟ್ಟಕ್ಕೆ ಒಣಗುವುದನ್ನು ಅದು ಸಹಿಸುತ್ತದೆ. ಆದರೆ ಒಣಗಿದ ಮೇಲೆ ಬಹುಕಾಲ ಬಾಳುವುದಿಲ್ಲ, ಹಾಗೆಯೇ ಶೀತಪೆಟ್ಟಿಗೆಯ ಚಳಿಯನ್ನೂ ತಾಳುವುದಿಲ್ಲ. ಸಾಮಾನ್ಯ ಹವೆಯಲ್ಲಿ ಎರಡು ಮೂರು ತಿಂಗಳಾಗುವುದರೊಳಗೆ ಮೊಳೆಯುವ ಶಕ್ತಿ ಬಹುಮಟ್ಟಿಗೆ ಇಳಿದಿರುತ್ತದೆ. ಬಾಬಾ ಬುಡನ್ ಅರಬ್ಬರ ನಾಡಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವೇ ಆಗಿದ್ದ ಪಕ್ಷದಲ್ಲಿ ಅವರು ತಂದದ್ದು ಹೊಸದಾಗಿ ಬಿಡಿಸಿದ, ಮೇಲುಸಿಪ್ಪೆ ಕಳಚದ ಬೀಜವಾಗಿರಬೇಕು. ದಾರಿಯಲ್ಲಿ ತಿಂಗಳುಗಟ್ಟಲೆ ತಂಗಿಯೂ ಇರಲಾರರು. ಹಾಗಿಲ್ಲದಿದ್ದರೆ ನಮ್ಮ ಬೆಳಗಿನ ಲೋಟಕ್ಕೆ ಬೇರೊಂದು ಪುರಾಣ ಬೇಕಾಗುತ್ತಿತ್ತು.

ಹವ್ಯಾಸಿಗಳು ಎಷ್ಟೋ ವೇಳೆ ಕಾಫಿ ಅಂಗಡಿಯಿಂದ ಹುರಿಯದ ಹಸಿರು ಬೀಜ ತಂದು ಬಿತ್ತಿ, ಬಾರದಿದ್ದಾಗ ಮಣ್ಣನ್ನು ದೂರುತ್ತಾರೆ. ಅಂಗಡಿಯ ಬೀಜ ಬಿಸಿಲಲ್ಲಿ ಚೆನ್ನಾಗಿ ಒಣಗಿದ್ದು, ಯಂತ್ರದಲ್ಲಿ ಸಿಪ್ಪೆ ಕಳಚಿಕೊಂಡದ್ದು, ಗೋದಾಮಿನಲ್ಲಿ ತಿಂಗಳುಗಳನ್ನು ಕಳೆದದ್ದು. ಕುಡಿಯಲು ಅದೇ ಯೋಗ್ಯ, ಬಿತ್ತಲು ಅಲ್ಲ. ಬಿತ್ತನೆಯ ಬೀಜವನ್ನು ಬೇರೆಯಾಗಿಯೇ ಸಿದ್ಧಮಾಡಬೇಕು. ಕಾಫಿ ಮಂಡಳಿಯವರು ಬೆಳೆಗಾರರಿಗೆ ಹೇಳಿಕೊಡುತ್ತ ಬಂದಿರುವ ಕ್ರಮವನ್ನೇ ನಮ್ಮ ನೆರೆಯ ಹೆಣ್ಣುಮಗಳು ಸಣ್ಣ ಪ್ರಮಾಣದಲ್ಲಿ ಅನುಸರಿಸುತ್ತಾಳೆ. ಡಿಸೆಂಬರಿನಲ್ಲಿ, ಆರೋಗ್ಯವಾದ ಗಿಡಗಳಿಂದ ಪೂರ್ತಿ ಕೆಂಪಾದ ಹಣ್ಣುಗಳನ್ನಷ್ಟೇ ಆರಿಸಿ ಬಿಡಿಸುತ್ತಾಳೆ. ನೀರಿನಲ್ಲಿ ಹಾಕಿದಾಗ ತೇಲಿದ ಜೊಳ್ಳನ್ನು ತೆಗೆದುಹಾಕಿ, ಉಳಿದವನ್ನು ಕೈಯಿಂದಲೇ ಹಿಸುಕಿ ಬೀಜ ಹೊರತೆಗೆಯುತ್ತಾಳೆ. ಆ ಬೀಜಕ್ಕೆ ಜರಡಿ ಹಿಡಿದ ಕಟ್ಟಿಗೆಯ ಬೂದಿಯನ್ನು ಬೆರೆಸಿ, ಎರಡು ಅಂಗುಲದಷ್ಟು ದಪ್ಪವಾಗಿ ನೆರಳಿನಲ್ಲಿ ಹರಡಿ, ದಿನಕ್ಕೊಮ್ಮೆ ಕೈಯಾಡಿಸುತ್ತ ಐದು ದಿನ ಬಿಡುತ್ತಾಳೆ. ಬೂದಿ ಲೋಳೆಯನ್ನು ಹೀರುತ್ತದೆ, ಬೂಷ್ಟನ್ನು ತಡೆಯುತ್ತದೆ. ನೆರಳು ಒಣಗುವಿಕೆಯನ್ನು ನಿಧಾನಗೊಳಿಸುತ್ತದೆ. ಬಿಸಿಲಿಗಿಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುವುದೇನೋ ನಿಜ, ಆದರೆ ಬೀಜವೂ ಮುಗಿದಿರುತ್ತದೆ. ಆರನೆಯ ದಿನ ಬೂದಿಯನ್ನು ಉಜ್ಜಿ ಕಳೆದು, ಒಡೆದ ಬೀಜಗಳನ್ನೂ ಸಣಕಲು ಬೀಜಗಳನ್ನೂ ಆರಿಸಿ ಹೊರಹಾಕುತ್ತಾಳೆ. ಕಾಳಿನ ಮೇಲಿನ ತೊಗಟೆ, ತೋಟದವರು ಪಾರ್ಚ್‌ಮೆಂಟ್ ಎನ್ನುವುದು, ಹಾಗೆಯೇ ಉಳಿಯಬೇಕು.

ಕಟ್ಟುವ ರೀತಿಯಲ್ಲಿಯೂ ಒಂದು ವಿವೇಕ ಬೇಕು. ಗಾಳಿಯಾಡದ ಡಬ್ಬಿಯಲ್ಲಿ ಬಿಗಿಮಾಡಿದರೆ ಬೀಜ ಉಸಿರಾಡಿ ಬೆವರಿ, ಆ ಬೆವರಿನಲ್ಲೇ ಬೂಷ್ಟು ಹಿಡಿಯುತ್ತದೆ. ಬರಿಯ ಕಾಗದದ ಲಕೋಟೆಯಲ್ಲಿಟ್ಟರೆ ದಾರಿಯಲ್ಲಿ ಒಣಗುವುದಲ್ಲದೆ, ಅಂಚೆಯ ಮುದ್ರೆ ಒತ್ತುವ ಯಂತ್ರದ ಉರುಳೆಗಳ ನಡುವೆ ಸಿಕ್ಕಿ ಪುಡಿಯಾಗುವ ಭಯವೂ ಉಂಟು. ಆದುದರಿಂದ ಇಪ್ಪತ್ತೈದು ಬೀಜಗಳನ್ನು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ಅದನ್ನು ಸೂಜಿಯಿಂದ ಏಳೆಂಟು ತೂತು ಮಾಡಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಂಗೈಯಗಲದ ಗಟ್ಟಿರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾಳೆ. ರಂಬುಟಾನ್, ಹಲಸುಗಳದಾದರೆ ಇಷ್ಟೂ ಸಾಲದು. ತಿರುಳನ್ನು ತೊಳೆದು, ತೇವದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, ಒಂದು ವಾರದೊಳಗೆ ಮಣ್ಣು ಮುಟ್ಟಿಸಬೇಕು. ತೇವ ಎಷ್ಟು? ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಹನಿ ಬೀಳಬಾರದು.

ಒಂದು ಮಾತನ್ನು ಇಲ್ಲಿ ಖಂಡಿತವಾಗಿ ಹೇಳಬೇಕು. ನೋಡಲು ಅಂದವೆಂದು ಇಡೀ ಕಾಫಿ ಹಣ್ಣನ್ನೇ ಕಳುಹಿಸಿ ಎಂದು ಕೇಳುವವರಿದ್ದಾರೆ. ಅದು ಕೂಡದು. ಕಾಯಿಕೊರಕವೆಂಬ ಎಳ್ಳಿಗಿಂತ ಚಿಕ್ಕ ಕರಿಯ ದುಂಬಿ ಹಣ್ಣಿನ ತುದಿಯ ಹೊಕ್ಕುಳಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಗೆ ಸಂಸಾರ ಹೂಡುತ್ತದೆ. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವೈನಾಡು, ಕೊಡಗುಗಳಿಗೆ ಹಬ್ಬಿತು. ಅದರ ಹಾರಾಟ ಅಲ್ಪ, ಸವಾರಿ ಹೆಚ್ಚು: ಹಣ್ಣು, ಒಣಗಿದ ಚೆರಿ, ಗೋಣಿಚೀಲಗಳಲ್ಲಿ ಕುಳಿತು ಅದು ಊರಿಂದೂರಿಗೆ ಹೋಗುತ್ತದೆ. ದೇಶದೊಳಗಿನ ಸಾಗಾಣಿಕೆಗೆ ನಿರ್ಬಂಧ ವಿಧಿಸಿದ ಪೀಡೆಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಕೈಯಿಂದ ಬಿಡಿಸಿ, ತೇಲಿಸಿ, ಒಂದೊಂದಾಗಿ ನೋಡಿ ಆರಿಸಿದ ಬೀಜಕ್ಕೂ ಇಡೀ ಹಣ್ಣಿಗೂ ಇರುವ ಅಂತರ ಇಷ್ಟು ದೊಡ್ಡದು. ಹುಬ್ಬಳ್ಳಿಯ ತಾರಸಿಯಲ್ಲಿ ಕಾಫಿ ತೋಟವಿಲ್ಲ, ದುಂಬಿ ಹೋದರೇನು ಎನ್ನಬಹುದು. ಆದರೆ ಇಂದಿನ ಕೊಳ್ಳುವವರು ಮಾವನ ಮನೆಯೋ ಗೆಳೆಯನ ತೋಟವೋ ಚಿಕ್ಕಮಗಳೂರಿನಲ್ಲಿ ಇರುವವರೂ ಆಗಿರಬಹುದು.

ಇನ್ನು ಗಿಡದ ಮಾತು. ಮದ್ದುಸೊಪ್ಪು ಎಂಬುದು ಕೊಡಗಿನ ತೋಟ, ಕಾಡಂಚುಗಳ ನೆರಳಿನಲ್ಲಿ ತಾನಾಗಿ ಬೆಳೆಯುವ ಪೊದೆ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟಿನ ಮೊದಲ ವಾರದಲ್ಲಿ, ಅದರ ಸೊಪ್ಪನ್ನು ಬೇಯಿಸಿದರೆ ನೀರು ಗಾಢವಾದ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ರಸದಲ್ಲಿ ಪಾಯಸ ಮಾಡಿ ಉಣ್ಣುವುದು ಕೊಡಗಿನ ಮನೆಗಳ ಪದ್ಧತಿ. ಹದಿನೆಂಟು ಬಗೆಯ ಮದ್ದು ಆ ದಿನ ಅದರಲ್ಲಿ ಕೂಡಿರುತ್ತದೆಂಬುದು ನಂಬಿಕೆ. ಹೊರ ಊರುಗಳಲ್ಲಿ ನೆಲೆಸಿದ ಕೊಡಗಿನವರು ಈ ಗಿಡವನ್ನು ಮನೆಯ ಕುಂಡದಲ್ಲಿ ಬಯಸುವುದು ಸಹಜ. ತೊಡಕಿರುವುದು ಕಾಲದಲ್ಲಿ. ಎಲ್ಲರಿಗೂ ಅದರ ನೆನಪಾಗುವುದು ಜುಲೈಯಲ್ಲಿ. ಕೊಡಗಿನಿಂದ ಏನನ್ನೇ ಕಳುಹಿಸಲು ವರ್ಷದಲ್ಲಿ ಅತ್ಯಂತ ಕೆಟ್ಟ ತಿಂಗಳೂ ಅದೇ. ಈ ಜಿಲ್ಲೆಗೆ ರೈಲಿಲ್ಲ. ಹೊರಗೆ ಹೋಗುವುದೆಲ್ಲ ಘಟ್ಟದ ರಸ್ತೆಯಲ್ಲೇ ಹೋಗಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ–ಸಂಪಾಜೆ ದಾರಿ ಕಡಿದುಹೋದುದನ್ನು ನಾವು ಕಂಡಿದ್ದೇವೆ. ರಸ್ತೆ ಇದ್ದರೂ ಮಳೆಯಲ್ಲಿ ರಟ್ಟು ಮೆತ್ತಗಾಗಿ ಕುಸಿಯುತ್ತದೆ. ಒದ್ದೆ ಎಲೆ ಪೆಟ್ಟಿಗೆಯೊಳಗೆ ಮೂರೇ ದಿನದಲ್ಲಿ ಕೊಳೆಯುತ್ತದೆ. ಅಲ್ಲದೆ ಜುಲೈಯಲ್ಲಿ ತಲುಪಿದ ಪುಟ್ಟ ಸಸಿಯಿಂದ ಆಗಸ್ಟಿಗೆ ಪಾಯಸದಷ್ಟು ಸೊಪ್ಪು ಎಲ್ಲಿ ಸಿಗಬೇಕು? ಆದ್ದರಿಂದ ಆಕೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಿಡದ ಕೋರಿಕೆಯನ್ನು ಪಡೆದು ಬರೆದಿಡುತ್ತಾಳೆ, ಹಣ ಪಡೆಯುವುದಿಲ್ಲ. ಕಳುಹಿಸುವುದು ಅಕ್ಟೋಬರ್ ಕೊನೆಯಿಂದ. ಆಗ ತಲುಪಿದ ಗಿಡ ಮುಂದಿನ ಕಕ್ಕಡಕ್ಕೆ ಪೊದೆಯಾಗಿರುತ್ತದೆ.

ಈ ಗಿಡ ಕಡ್ಡಿಯಿಂದ ಬೇರು ಬಿಡುತ್ತದೆ. ಇದು ಕಳುಹಿಸುವವರ ಪಾಲಿಗೆ ದೊಡ್ಡ ಅನುಕೂಲ. ಹುಬ್ಬಳ್ಳಿಯ ಒಬ್ಬ ಅಧ್ಯಾಪಕಿಗೆ ಕಳೆದ ವರ್ಷ ಹೋದ ಪೆಟ್ಟಿಗೆಯನ್ನು ನಾನು ಮೊದಲಿಂದ ಕೊನೆಯವರೆಗೆ ನೋಡಿದೆ. ಸೆಪ್ಟೆಂಬರಿನಲ್ಲಿ ನಾಲ್ಕು ಗೆಣ್ಣುಗಳುಳ್ಳ, ತೀರ ಎಳೆಯದೂ ಬಲಿತದ್ದೂ ಅಲ್ಲದ ಕಡ್ಡಿಗಳನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ಚಿವುಟಿ, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದ್ದಳು. ಎಲೆ ಎಂದರೆ ನೀರು ಹೊರಹೋಗುವ ಬಾಗಿಲು. ಬೇರಿಲ್ಲದ ಕಡ್ಡಿಗೆ ಬಾಗಿಲುಗಳು ಹೆಚ್ಚಿರಬಾರದು. ತೆಂಗಿನ ನಾರಿನ ಪುಡಿಯನ್ನೂ ತೊಳೆದ ಮರಳನ್ನೂ ತುಂಬಿದ ಪುಟ್ಟ ಬಟ್ಟಲುಗಳಲ್ಲಿ ಅವನ್ನು ಊರಿದಳು. ಮಣ್ಣು ಹಾಕಲಿಲ್ಲ. ಬೇರೂರಿದ ಮೇಲೂ ಹದಿನೈದು ದಿನ ಕಾದು, ಅಷ್ಟರಲ್ಲಿ ನೀರನ್ನು ಕ್ರಮೇಣ ಕಡಿಮೆ ಮಾಡಿ, ಗಾಳಿಯಾಡುವ ಜಾಗಕ್ಕೆ ಸರಿಸಿ, ಗೊಬ್ಬರವನ್ನು ನಿಲ್ಲಿಸಿದಳು. ಸೊಕ್ಕಿ ಬೆಳೆದ ಮೆತ್ತನೆಯ ಗಿಡ ಕತ್ತಲ ಪೆಟ್ಟಿಗೆಯಲ್ಲಿ ಬೇಗ ಸೋಲುತ್ತದೆ. ಸ್ವಲ್ಪ ಕಷ್ಟ ಕಂಡ ಗಿಡ ತಾಳುತ್ತದೆ.

ಕಳುಹಿಸುವ ಹಿಂದಿನ ದಿನ ನೀರೆರೆದು, ಎಲೆಗಳು ಪೂರ್ತಿ ಒಣಗುವವರೆಗೆ ಬಿಟ್ಟಳು. ಬಟ್ಟಲಿನ ಬಾಯಿಗೆ ತೇವದ ವೃತ್ತಪತ್ರಿಕೆಯನ್ನು ಒತ್ತಿ, ಪ್ಲಾಸ್ಟಿಕ್ಕಿನಿಂದ ಕಾಂಡದ ಬುಡದವರೆಗೆ ಸುತ್ತಿ ದಾರದಿಂದ ಕಟ್ಟಿದಳು. ಪ್ಲಾಸ್ಟಿಕ್ ಬೇರಿಗೆ ಮಾತ್ರ, ಎಲೆಗೆ ಎಂದಿಗೂ ಅಲ್ಲ. ಎಲೆಗೆ ಒಣ ಕಾಗದದ ಕೊಳವೆ. ಇಂಥ ಮೂರು ಬಟ್ಟಲುಗಳನ್ನು ಒಂದು ಪೆಟ್ಟಿಗೆಯ ತಳಕ್ಕೆ ಅಗಲವಾದ ಅಂಟುಪಟ್ಟಿಯಿಂದ ಬಂಧಿಸಿ, ಸಂದುಗಳಲ್ಲಿ ಮುದುರಿದ ಕಾಗದ ತುರುಕಿದಳು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಎರಡು ಸಲ ಅಲ್ಲಾಡಿಸಿದಾಗ ಒಳಗೆ ಏನೂ ಸದ್ದಾಗಲಿಲ್ಲ. ‘ಈ ಭಾಗ ಮೇಲೆ’ ಎಂದು ಬಾಣದ ಗುರುತು ಬರೆದರೂ ಅದನ್ನು ನಂಬುವಂತಿಲ್ಲ ಎಂಬುದು ಆಕೆಯ ಲೆಕ್ಕ. ಪಕ್ಕದಲ್ಲಿ ಬೆರಳು ತೂರುವಷ್ಟು ಆರು ಕಿಂಡಿಗಳು. ನಮ್ಮ ಮನೆಯಿಂದ ಎರಡು ಕಿತ್ತಳೆಯನ್ನೂ ಜೊತೆಗಿಡೋಣವೆಂದು ನಾನು ಹೇಳಿದಾಗ ಆಕೆ ನಕ್ಕು, “ಬೇಡಿ ಸರ್, ಹಣ್ಣಿದ್ದರೆ ಎಲೆ ಉದುರುತ್ತದೆ” ಎಂದಳು. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ; ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತುಂಬಿಕೊಂಡರೆ ಹಸಿರೆಲೆಗಳೂ ಕಳಚಿ ಬೀಳುತ್ತವೆ. ಕಿತ್ತಳೆಯದು ಅಲ್ಪವೆಂದು ಪುಸ್ತಕದಲ್ಲಿ ಓದಿದ್ದೆ. ಆದರೂ ಆಕೆಯ ಎಚ್ಚರಿಕೆಯ ಮುಂದೆ ನನ್ನ ಓದನ್ನು ಹೂಡಲಿಲ್ಲ.

ಪೆಟ್ಟಿಗೆ ಸೋಮವಾರ ಬೆಳಗ್ಗೆ ಹೊರಟಿತು. ವಾರದ ಕೊನೆಗೆ ಕಳುಹಿಸಿದರೆ ಭಾನುವಾರ ಗೋದಾಮಿನಲ್ಲಿ ಕಳೆಯಬೇಕಾಗುತ್ತದೆ; ಕತ್ತಲಿನ ಒಂದು ದಿನ ವೃಥಾ ಹೆಚ್ಚುತ್ತದೆ. ವೆಚ್ಚದ ಲೆಕ್ಕವೂ ವಿಚಿತ್ರ. ಅನೇಕ ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ; ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದದ್ದನ್ನು ಕಿಲೋ ಎಂದು ಹಿಡಿದು, ಎರಡರಲ್ಲಿ ಹೆಚ್ಚಾದುದಕ್ಕೆ ಹಣ ಪಡೆಯುತ್ತಾರೆ. ಈ ಪೆಟ್ಟಿಗೆ 20, 15, 30 ಸೆಂಟಿಮೀಟರಿನದು: ಗುಣಿಸಿದರೆ 9,000, ಭಾಗಿಸಿದರೆ 1.8 ಕಿಲೋ. ನಿಜವಾದ ತೂಕ ಒಂದು ಕಿಲೋ ಕೂಡ ಇರಲಿಲ್ಲ. ಒಂದೇ ಗಿಡ ಕಳುಹಿಸಿದ್ದರೂ ಎತ್ತರ ಅಷ್ಟೇ ಬೇಕಾಗುತ್ತಿದ್ದುದರಿಂದ ವೆಚ್ಚ ಹೆಚ್ಚೇನೂ ಇಳಿಯುತ್ತಿರಲಿಲ್ಲ. ಮೂರಕ್ಕಿಂತ ಕಡಿಮೆ ಆಕೆ ಮಾರದಿರುವುದರ ಕಾರಣ ಇದು.

ಮಣ್ಣು ಹಾಕಲಿಲ್ಲವೆಂದೆನಷ್ಟೆ. ಭಾರ ತಪ್ಪುವುದು ಅದರ ಚಿಕ್ಕ ಲಾಭ. ನೆಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜಂತುಹುಳುಗಳು, ಬೇರಿನ ಹಿಟ್ಟುತಿಗಣೆ, ಬಸವನಹುಳುವಿನ ಮೊಟ್ಟೆ ಎಲ್ಲ ಇರಬಲ್ಲವು. ಕೊಡಗಿನ ಶನಿವಾರಸಂತೆಯ ಕಡೆ ಆಫ್ರಿಕದ ದೈತ್ಯ ಬಸವನಹುಳು ಕಾಫಿ ತೋಟಗಳಿಗೆ ನುಗ್ಗಿ ಬೆಳೆಗಾರರನ್ನು ಕಂಗೆಡಿಸಿದೆ. ಅದರ ಮೊಟ್ಟೆಗಳು ಮಣ್ಣಿನೊಳಗೆ ಗೊಂಚಲಾಗಿರುತ್ತವೆ. ಸಸಿಯ ಬುಡದ ಒಂದು ಹಿಡಿ ಮಣ್ಣು ಒಂದು ಬಡಾವಣೆಗೆ ಸಾಕು. ಕಾಡಿನಿಂದ ಗಿಡ ಕಿತ್ತು ಮಾರುವವರ ವಿಷಯವೂ ಇಲ್ಲಿಗೇ ಸೇರುತ್ತದೆ. ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ಅಂತರಜಾಲದಲ್ಲಿ ಮಾರುವುದು ಅರಣ್ಯ ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ, ಹಾಗೆ ಕಿತ್ತದ್ದು ಕುಂಡದಲ್ಲಿ ಬದುಕುವುದೂ ಅಪರೂಪ.

ಮಾರುವವರು ಪರದೆಯ ಮೇಲೆ ಬರೆಯುವ ನಾಲ್ಕು ಸಾಲಿನಲ್ಲಿಯೂ ಪ್ರಾಮಾಣಿಕತೆಯ ಪರೀಕ್ಷೆ ಉಂಟು. ಬೀಜಕ್ಕೆ ಹಣ್ಣು ಬಿಡಿಸಿದ ದಿನಾಂಕವನ್ನು ಹಾಕಬೇಕು; ಕಾಫಿಯ ವಿಚಾರದಲ್ಲಿ ಅದಿಲ್ಲದ ಪೊಟ್ಟಣಕ್ಕೆ ಬೆಲೆಯಿಲ್ಲ. ಗಿಡದ ಚಿತ್ರ ಕೊಡುವಾಗ ತೋಟದ ತಾಯಿಗಿಡದ್ದಲ್ಲ, ಕಳುಹಿಸುವ ಸಸಿಯದೇ ಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆದಿರಬೇಕು. ಬೆಣ್ಣೆಹಣ್ಣಿನ ಬೀಜವನ್ನು ಇಂಥ ತಳಿಯದೆಂದು ಹೆಸರು ಹೇಳಿ ಮಾರುವುದನ್ನು ನಾನು ಕಂಡಿದ್ದೇನೆ. ಅದು ಬೀಜದಿಂದ ತಾಯಿಯಂತೆ ಬರುವ ಮರವೇ ಅಲ್ಲ. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಂಥ ಕಡೆ ತಳಿಯ ಗಿಡಗಳನ್ನು ಕಸಿಮಾಡಿಯೇ ಬೆಳೆಸುವುದು ಆ ಕಾರಣಕ್ಕೆ. ತರಕಾರಿ ಬೀಜಗಳನ್ನು ವ್ಯಾಪಾರಕ್ಕಾಗಿ ಮಾರುವವರು 1983ರ ಬೀಜ ನಿಯಂತ್ರಣ ಆದೇಶದಂತೆ ಪರವಾನಗಿ ಪಡೆಯಬೇಕೆಂಬುದನ್ನೂ ಮನೆಯಲ್ಲಿ ಕುಳಿತು ಮಾರುವ ಅನೇಕರು ಅರಿಯರು.

ಪೆಟ್ಟಿಗೆ ಗುರುವಾರ ಹುಬ್ಬಳ್ಳಿ ತಲುಪಿತು. ತೆರೆದ ಕೂಡಲೇ ಚಿತ್ರ ತೆಗೆದು ಕಳುಹಿಸಬೇಕೆಂಬುದು ಆಕೆ ಹಾಕಿದ ಷರತ್ತು. ಒಂದು ದಿನದೊಳಗೆ ಚಿತ್ರ ಬಂದರೆ ಸತ್ತ ಗಿಡಕ್ಕೆ ಬದಲು ಗಿಡ. ಚಿತ್ರವನ್ನು ನೋಡಿ ಕಾರಣ ಹೇಳುವುದನ್ನು ಆಕೆ ಕಲಿತಿದ್ದಾಳೆ. ಎಲೆಗಳು ಗರಿಗರಿಯಾಗಿ ಒಣಗಿದ್ದರೆ ವಾಹನದ ಬಿಸಿ. ಹಸಿರಾಗಿರುವಾಗಲೇ ಉದುರಿದ್ದರೆ ಕತ್ತಲು ಅಥವಾ ಹಣ್ಣಿನ ಸಹವಾಸ. ಬಟ್ಟಲು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆತಿದೆ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ಆಸೆಯಿಲ್ಲ. ಎಲೆಯೆಲ್ಲ ಹೋಗಿದ್ದರೂ ಉಗುರಿನಿಂದ ಕಾಂಡವನ್ನು ಗೀರಿದಾಗ ಒಳಗೆ ಹಸಿರು ಕಂಡರೆ ಗಿಡ ಬದುಕಿದೆ. ಅಧ್ಯಾಪಕಿಯ ಮೂರರಲ್ಲಿ ಎರಡು ಸೊಂಪಾಗಿದ್ದವು; ಒಂದರ ಕೆಳಗಿನ ಎಲೆಗಳು ಹಳದಿಯಾಗಿದ್ದವು. ವಾರದವರೆಗೆ ನೆರಳಿನಲ್ಲಿಡಿ, ಕುಂಡ ಬದಲಾಯಿಸಬೇಡಿ, ಗೊಬ್ಬರ ಬೇಡ ಎಂದು ಆಕೆ ಬರೆದಳು. ಬಹಳಷ್ಟು ಗಿಡಗಳು ದಾರಿಯಲ್ಲಿ ಸಾಯದೆ, ತಲುಪಿದ ದಿನವೇ ಬಿಸಿಲಿಗಿಟ್ಟು ಹೊಸ ಮಣ್ಣಿಗೆ ಬದಲಾಯಿಸಿದ ಅಕ್ಕರೆಯಿಂದ ಸಾಯುತ್ತವೆ. ಮೂರನೆಯದೂ ಚಿಗುರಿತು.

ಕಾಫಿ ಬೀಜ ಕೊಂಡವರಿಗೆ ಆಕೆ ಬರೆಯುವ ಕಾಗದ ಇನ್ನೂ ಚಿಕ್ಕದು. ಬಂದ ದಿನವೇ ಬಿತ್ತಿ, ಚಪ್ಪಟೆ ಬದಿ ಕೆಳಗಿರಲಿ, ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಒಣಹುಲ್ಲು, ತೇವ ಆರದಿರಲಿ. ಮೊಳೆಯಲು ಸುಮಾರು 45 ದಿನ ಬೇಕು. ಇಪ್ಪತ್ತನೆಯ ದಿನಕ್ಕೇ “ಬೀಜ ಸತ್ತಿದೆ” ಎಂಬ ದೂರುಗಳು ಬರುತ್ತವೆ; ಕೆದಕಬೇಡಿ ಎಂದಷ್ಟೇ ಉತ್ತರ. ಕಾಂಡ ಬಾಗಿ ಮೇಲೆದ್ದು ತಲೆಯ ಮೇಲೆ ಬೀಜವನ್ನೇ ಟೋಪಿಯಂತೆ ಹೊತ್ತು ನಿಲ್ಲುತ್ತದೆ. ತೋಟದವರು ಅದನ್ನು ಟೋಪಿ ಹಂತವೆಂದೇ ಕರೆಯುತ್ತಾರೆ, ಬೇರೆ ಚೀಲಕ್ಕೆ ನಾಟಿಮಾಡಲು ಅದೇ ಹದ.

ಈಚೆಗೆ ದುಬೈಯಿಂದಲೂ ಕೆನಡದಿಂದಲೂ ಮದ್ದುಸೊಪ್ಪಿನ ಗಿಡಕ್ಕೆ ಕೇಳಿಕೆ ಬಂದಿದೆಯಂತೆ. ಗಡಿ ದಾಟುವ ಗಿಡಕ್ಕೆ ಇಲ್ಲಿಯ ಸಸ್ಯಸಂರಕ್ಷಣಾ ಅಧಿಕಾರಿಗಳ ಆರೋಗ್ಯ ಪ್ರಮಾಣಪತ್ರ ಬೇಕು. ಅಲ್ಲಿಯ ಸರಕಾರದ ಅನುಮತಿಯನ್ನೂ ಮೊದಲೇ ಪಡೆದಿರಬೇಕು. ಇಲ್ಲವಾದರೆ ಬಂದರಿನಲ್ಲೇ ಸುಟ್ಟುಹಾಕುತ್ತಾರೆ. ಮೂರು ಬಟ್ಟಲಿನ ವ್ಯಾಪಾರ ಅಷ್ಟನ್ನು ಹೊರಲಾರದು. ಆ ಕಾಗದಗಳಿಗೆ ಆಕೆ ಆಗುವುದಿಲ್ಲವೆಂದೇ ಬರೆಯುತ್ತಾಳೆ.